ನೆಟ್ಟಗೆ ನಿಂತ ನೂಲು: ಹಾಸನದಲ್ಲಿ ಐದು ತಂಡಕ್ಕೆ ಒಂದೇ ಬೋರ್ಡ್ ನಿಲ್ಲಿಸಿದ ನನ್ನ ಅನುಭವ

ಹೋದ ಆಗಸ್ಟ್‌ನಲ್ಲಿ ನಮ್ಮ ಆಫೀಸಿನ ಉದ್ದನೆ ಗೋಡೆಗೆ ನಾನು ಬೋರ್ಡ್ ಹೊಡೆಸುತ್ತಿದ್ದೆ. ಬೆಂಗಳೂರಿನಿಂದ ಬಂದಿದ್ದ ಲೀಡ್ ಒಬ್ಬರು ನಿಂತು ನೋಡಿದರು. "ಸಾರ್, ಈ ಕಾಲದಲ್ಲೂ ನೂಲು, ಪಿನ್ನು ಹಿಡ್ಕೊಂಡು ಕೂರ್ತೀರಾ?" ಅಂದರು. ನಮ್ಮ ಯಜಮಾನರಿಗೂ ನಂಬಿಕೆ ಇರಲಿಲ್ಲ. "ಹೋದ ವರ್ಷನೂ ಬೋರ್ಡ್ ಇತ್ತಲ್ಲಪ್ಪ, ಏನಾಯ್ತು?" ಅಂತ ಕೇಳಿ ಸುಮ್ಮನಾದರು.

ಈಗ ಕಾಫಿ ಕೊಯ್ಲು ಮುಗಿದಿದೆ. ಬೋರ್ಡ್ ಇನ್ನೂ ಗೋಡೆ ಮೇಲೆ ಇದೆ. ಅದೇ ಲೀಡ್ ಬೆಂಗಳೂರಿನ ಅವರ ಜಾಗದಲ್ಲೂ ಒಂದು ಹಾಕಿಸಿಕೊಂಡಿದ್ದಾರೆ. ಹೇಗೆ ಮಾಡಿದಿರಿ ಅಂತ ಕೇಳುವವರು ಜಾಸ್ತಿ ಆದರು, ಅದಕ್ಕೆ ಬರೆಯುತ್ತಿದ್ದೇನೆ. ಪಿಐ ಪ್ಲಾನಿಂಗ್ ಅಂದರೇನು, ಪ್ರೋಗ್ರಾಂ ಬೋರ್ಡ್ ಹೇಗಿರುತ್ತದೆ ಅನ್ನುವುದು ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ. ಸೇಫ್‌ನ ಹೊಸ ಆವೃತ್ತಿಯಲ್ಲಿ ಅದಕ್ಕೆ ಎಆರ್‌ಟಿ ಪ್ಲಾನಿಂಗ್ ಬೋರ್ಡ್ ಅಂತ ಹೆಸರು. ನಮ್ಮಲ್ಲಿ ಎಲ್ಲರ ಬಾಯಲ್ಲಿ ಅದು ನೂಲಿನ ಬೋರ್ಡ್, ಯಾಕೆಂದರೆ ಒಂದು ತಂಡದ ಕೆಲಸ ಇನ್ನೊಂದು ತಂಡಕ್ಕೆ ಬೇಕಾದರೆ ಆ ಎರಡು ಚೀಟಿಗಳ ಮಧ್ಯೆ ನೂಲು ಕಟ್ಟುತ್ತೇವೆ.

ನಾವು ಮಾಡುವುದು ಕಾಫಿ ತೋಟಗಳಿಗೆ ಬೇಕಾದ ಸಾಫ್ಟ್‌ವೇರ್. ಕೂಲಿಯವರು ಕೊಯ್ದ ಹಣ್ಣನ್ನು ತೋಟದಲ್ಲೇ ತೂಗುತ್ತಾರೆ. ಆ ತೂಕ ತೋಟದ ಲೆಕ್ಕ ಬರೆಯುವ ರೈಟರ ಫೋನಿಗೆ ಬರಬೇಕು, ಅಲ್ಲಿಂದ ಸರ್ವರ್‌ಗೆ ಹೋಗಬೇಕು, ವಾರದ ಬಟವಾಡೆ ಲೆಕ್ಕ ಆಗಬೇಕು, ಒಣಗಿದ ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಹೋದಾಗ ಅಲ್ಲಿನ ರಸೀತಿ ಜೊತೆ ತಾಳೆ ಆಗಬೇಕು. ತಂಡಗಳು ಐದು: ತೂಕ, ಆ್ಯಪ್, ಸರ್ವರ್, ಲೆಕ್ಕ, ಕ್ಯೂರಿಂಗ್. ಮೂರು ತಂಡ ಹಾಸನದಲ್ಲಿ, ಕ್ಯೂರಿಂಗ್ ತಂಡ ಚಿಕ್ಕಮಗಳೂರಿನಲ್ಲಿ, ಸರ್ವರ್ ತಂಡ ಬೆಂಗಳೂರಿನಲ್ಲಿ. ಎಲ್ಲಾ ಸೇರಿ 35 ಜನರ ಆಸುಪಾಸು. ನಮ್ಮ ಕೊನೆ ದಿನವನ್ನು ನಾವು ಇಡುವುದಿಲ್ಲ. ನವೆಂಬರ್‌ನಲ್ಲಿ ಅರೇಬಿಕಾ ಹಣ್ಣಾಗುತ್ತದೆ, ಅಷ್ಟೇ. ಆಗ ಸಿದ್ಧ ಇಲ್ಲದಿದ್ದರೆ ತೋಟದವರು ಮತ್ತೆ ಪುಸ್ತಕ, ಪೆನ್ನು ಹಿಡಿಯುತ್ತಾರೆ. ಆ ವರ್ಷದ ದುಡ್ಡು ಹೋಯಿತು ಅಂತಲೇ ಲೆಕ್ಕ.

ಈ ಬೋರ್ಡ್ ಹೊಡೆಸುವ ಹಿಂದಿನ ವರ್ಷ ಆದದ್ದು ಅದೇ. ಪ್ರತಿ ತೂಕಕ್ಕೂ ಒಂದು ಗುರುತಿನ ಸಂಖ್ಯೆ ಬೇಕಲ್ವಾ? ಆ್ಯಪ್ ತಂಡದವರು ಅದನ್ನು ಸರ್ವರ್ ಕೊಡುತ್ತದೆ ಅಂದುಕೊಂಡಿದ್ದರು. ಸರ್ವರ್ ತಂಡದವರು ಫೋನಿನಲ್ಲೇ ಹುಟ್ಟುತ್ತದೆ ಅಂದುಕೊಂಡಿದ್ದರು. ತೋಟದಲ್ಲಿ ಸಿಗ್ನಲ್ ಬಂದು ಹೋಗಿ ಮಾಡುವಾಗ ಫೋನು ಅದೇ ತೂಕವನ್ನು ಎರಡು ಸಲ ಕಳಿಸಿತು. ಸರ್ವರ್ ಎರಡನ್ನೂ ಹೊಸದು ಅಂತ ಬರೆದುಕೊಂಡಿತು. ಸಕಲೇಶಪುರದ ಕಡೆಯ ಒಂದು ತೋಟದಲ್ಲಿ ಒಂದೇ ವಾರಕ್ಕೆ 400 ಚಿಲ್ಲರೆ ತೂಕ ಎರಡೆರಡು ಸಲ ಬಿದ್ದವು. ಬಟವಾಡೆ ಆಗಿಹೋಗಿತ್ತು. ಸುಮಾರು 80 ಸಾವಿರ ನಾವೇ ತುಂಬಿ ಕೊಟ್ಟೆವು. ಎರಡು ತೋಟದವರು ಒಪ್ಪಂದ ಬಿಟ್ಟರು, ಅದು ಇನ್ನೊಂದು ಮೂರೂವರೆ ಲಕ್ಷ.

ಆ ವರ್ಷವೂ ಬೋರ್ಡ್ ಇತ್ತು. ಆ್ಯಪ್‌ನಿಂದ ಸರ್ವರ್‌ಗೆ ನೂಲೂ ಇತ್ತು. ನೂಲಿನ ಎರಡು ತುದಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿ ಮಾತಾಡಿರಲಿಲ್ಲ. ನೂಲು ಕಟ್ಟಿದವನು ನಾನು.

ಈ ಸಲ ಮೊದಲು ಸರಿ ಮಾಡಿದ್ದು ಇದನ್ನೇ. ಪ್ಲಾನಿಂಗ್ ದಿನ ನಾನು ನೂಲು ಮುಟ್ಟಲಿಲ್ಲ. ಕೆಂಪು ಚೀಟಿಯನ್ನು ಬೇರೆ ತಂಡದಿಂದ ಏನಾದರೂ ಬೇಕಾದವರು ಬರೆಯಬೇಕು. ಅದರಲ್ಲಿ ನಾಲ್ಕು ಸಾಲು: ಏನು ಬೇಕು, ಸಿಕ್ಕಿದೆ ಅಂತ ಹೇಗೆ ಪರೀಕ್ಷೆ ಮಾಡುತ್ತೇನೆ, ಯಾವ ತಾರೀಕಿಗೆ ಬೇಕು, ಕೊಡುವವರ ಮತ್ತು ತೆಗೆದುಕೊಳ್ಳುವವರ ಹೆಸರು. ತಂಡದ ಹೆಸರಲ್ಲ, ಮನುಷ್ಯರ ಹೆಸರು. ಬರೆದ ಮೇಲೆ ಎದ್ದು ಹೋಗಿ ಕೊಡುವವರ ಕೈಗೆ ಇಡಬೇಕು. ಕೊಡುವವರು ಒಪ್ಪಿದರೆ ಅವರೇ ತಮ್ಮ ಸಾಲಿನಲ್ಲಿ, ಮುಗಿಸುವ ಸ್ಪ್ರಿಂಟ್‌ನ ಕಾಲಂನಲ್ಲಿ ಪಿನ್ ಮಾಡಬೇಕು. ಆಮೇಲೆ ಇಬ್ಬರೂ ಸೇರಿ ನೂಲು ಕಟ್ಟಬೇಕು. ಒಪ್ಪದಿದ್ದರೆ ಚೀಟಿ ಬೇಕಾದವರ ಸಾಲಿನಲ್ಲೇ ಇರುತ್ತದೆ, ಅದರಿಂದ ಬಿಳಿ ನೂಲು ಒಂದು ಕೆಳಗೆ ತೂಗಾಡುತ್ತದೆ. ಆ ಬಿಳಿ ನೂಲು ದೂರಕ್ಕೂ ಕಾಣುತ್ತದೆ. ಮೊದಲ ದಿನ ಮಧ್ಯಾಹ್ನ ಅಂಥವು 12 ಇದ್ದವು ಅಂತ ನೆನಪು. ಸಂಜೆ ಹೊತ್ತಿಗೆ ನಾಲ್ಕಕ್ಕೆ ಇಳಿದವು.

ಎರಡನೇ ಸಾಲು, ಅಂದರೆ ಪರೀಕ್ಷೆಯ ಸಾಲು, ಬರೆಸುವುದೇ ಕಷ್ಟ. "ಸಿಂಕ್ ಎಪಿಐ ಬೇಕು" ಅಂತ ಬರೆದು ಎದ್ದು ಬಿಡುತ್ತಾರೆ. ನಾನು ವಾಪಸ್ ಕಳಿಸುತ್ತಿದ್ದೆ. ಕೊನೆಗೆ ಆ ಚೀಟಿಯಲ್ಲಿ ಬಂದದ್ದು ಹೀಗೆ: "ಫೋನಿನಲ್ಲಿ ಹುಟ್ಟಿದ ಒಂದೇ ಗುರುತಿನ ತೂಕವನ್ನು ಮೂರು ಸಲ ಕಳಿಸುತ್ತೇನೆ, ಸರ್ವರ್‌ನಲ್ಲಿ ಒಂದೇ ಇರಬೇಕು." ಇದನ್ನು ಓದಿದ ತಕ್ಷಣ ಸರ್ವರ್ ಲೀಡ್ ತಲೆ ಎತ್ತಿ, "ಗುರುತು ಫೋನಲ್ಲೇ ಹುಟ್ಟುತ್ತಾ?" ಅಂದರು. ಹಿಂದಿನ ವರ್ಷ ನಮಗೆ 80 ಸಾವಿರ ಖರ್ಚು ಮಾಡಿಸಿದ ಪ್ರಶ್ನೆ ಅದು. ಈ ಸಲ ಅರ್ಧ ನಿಮಿಷದಲ್ಲಿ ಬಂತು.

ಇನ್ನು ಬೋರ್ಡ್ ವಿಷಯ. ಐದು ಕಾಲಂ, ಎರಡು ವಾರದ ಐದು ಸ್ಪ್ರಿಂಟ್, ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮೂರನೇ ವಾರದ ತನಕ. ಐದು ತಂಡಕ್ಕೆ ಐದು ಸಾಲು. ಮೇಲೆ ಮೈಲಿಗಲ್ಲುಗಳ ಸಾಲು. ಅದರಲ್ಲಿ ಅಕ್ಟೋಬರ್ 15ಕ್ಕೆ ತೋಟದಲ್ಲಿ ಪ್ರಯೋಗ ಅಂತ ದೊಡ್ಡ ಚೀಟಿ. ಗಣೇಶ, ದಸರಾ ರಜೆ, ಜೊತೆಗೆ ಹಾಸನಾಂಬ ಬಾಗಿಲು ತೆರೆಯುವ ದಿನಗಳೂ ಅಲ್ಲೇ. ಆ ದಿನಗಳಲ್ಲಿ ಹಾಸನದ ರಸ್ತೆಗಳು ತುಂಬಿರುತ್ತವೆ, ಎಲ್ಲರ ಮನೆಗೂ ನೆಂಟರು ಬರುತ್ತಾರೆ. ಆ ವಾರಗಳಿಗೆ ಹಾಸನದ ತಂಡಗಳ ಕೆಲಸವನ್ನು ಸುಮಾರು ಮೂರನೇ ಒಂದು ಭಾಗ ಕಡಿಮೆ ಹಾಕಿದ್ದೆ. ಬೆಂಗಳೂರಿನವರಿಗೆ ಇದು ಅರ್ಥ ಆಗಿರಲಿಲ್ಲ, ಗೋಡೆ ಮೇಲೆ ನೋಡಿದ ಮೇಲೆ ಆಯಿತು.

ಕೆಳಗೆ ಆರನೇ ಸಾಲು ಒಂದನ್ನು ನಾನೇ ಸೇರಿಸಿದೆ, "ಹೊರಗಿನವರು" ಅಂತ. ತಕ್ಕಡಿ ಕೊಡುವವರು, ಎಸ್‌ಎಂಎಸ್ ಕಳಿಸುವವರು ಅದರಲ್ಲಿ. ಇವರು ನಮ್ಮ ಪ್ಲಾನಿಂಗ್‌ಗೆ ಬರುವುದಿಲ್ಲ, ಪಿನ್ ಮಾಡುವವರು ಯಾರು? ಅದಕ್ಕೆ ಪ್ರತಿ ಹೊರಗಿನವರಿಗೂ ನಮ್ಮವರೊಬ್ಬರನ್ನು ನೇಮಿಸಿದೆ. ಅವರು ಫೋನ್ ಮಾಡಿ ಒಪ್ಪಿಸಿಕೊಂಡು ಬಂದು ಪಿನ್ ಮಾಡಬೇಕು. ಇದು ಸಣ್ಣ ವಿಷಯ ಅನ್ನಿಸಬಹುದು. ನಮ್ಮ ಅತಿ ದೊಡ್ಡ ತೊಂದರೆ ಬಂದದ್ದು ಈ ಸಾಲಿನಿಂದಲೇ, ಮುಂದೆ ಹೇಳುತ್ತೇನೆ.

ಅಂಟು ಚೀಟಿ ಮಾತ್ರ ನಮ್ಮ ಕಡೆ ನಂಬಬೇಡಿ. ಮಳೆಗಾಲದ ತೇವಕ್ಕೆ ರಾತ್ರಿ ಕಳೆಯುವಷ್ಟರಲ್ಲಿ ಬಿದ್ದಿರುತ್ತವೆ. ಹಿಂದಿನ ವರ್ಷ ಜುಲೈನಲ್ಲಿ ಒಂದು ಬೆಳಿಗ್ಗೆ ಬಂದು ನೋಡಿದರೆ 30ಕ್ಕೂ ಹೆಚ್ಚು ಚೀಟಿ ನೆಲದ ಮೇಲೆ. ಗುಡಿಸುವ ಅಮ್ಮ ಪಾಪ ಅಷ್ಟನ್ನೂ ಒಟ್ಟು ಮಾಡಿ ಮೇಜಿನ ಮೇಲೆ ಇಟ್ಟಿದ್ದರು. ಯಾವುದು ಯಾವ ಕಾಲಂನದು ಅಂತ ಯಾರಿಗೂ ಹೇಳಲು ಆಗಲಿಲ್ಲ. ಈ ಸಲ ಸಾದಾ ಡ್ರಾಯಿಂಗ್ ಹಾಳೆ ಕತ್ತರಿಸಿ ಗುಂಡುಪಿನ್ ಚುಚ್ಚಿದೆವು. ಚೀಟಿಯ ಹಿಂದೆ ಸಣ್ಣದಾಗಿ ಸಾಲು, ಕಾಲಂ ಬರೆದೆವು. ಪ್ಲೈವುಡ್ ಮೇಲೆ ಥರ್ಮೋಕೋಲ್, ಅದರ ಮೇಲೆ ಬಟ್ಟೆ, ನೂಲು, ಪಿನ್ ಎಲ್ಲಾ ಸೇರಿ 2,500 ರೂಪಾಯಿ ಒಳಗೇ ಆಯಿತು. ಅದೇ ಕೆಲಸಕ್ಕೆ ಒಂದು ಡಿಜಿಟಲ್ ಬೋರ್ಡ್‌ಗೆ ನಮ್ಮ ಜನರ ಲೆಕ್ಕದಲ್ಲಿ ವರ್ಷಕ್ಕೆ ಒಂದೂವರೆ ಲಕ್ಷದ ಹತ್ತಿರ ಹೇಳಿದ್ದರು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮೊದಲ ದಿನ ಸಂಜೆ ಬೋರ್ಡ್ ಮೇಲೆ 41 ನೂಲು ಇದ್ದವು. ಯಜಮಾನರು ನೋಡಿ, "ಇದೇನಪ್ಪ ಜೇಡರಬಲೆ" ಅಂದರು. ನಾನು ಅವರಿಗೆ ಒಂದೇ ವಿಷಯ ತೋರಿಸಿದೆ, ನೂಲಿನ ಓರೆ. ಕೊಡುವ ಚೀಟಿ ಎಡಗಡೆ ಕಾಲಂನಲ್ಲಿ, ತೆಗೆದುಕೊಳ್ಳುವ ಚೀಟಿ ಬಲಗಡೆ ಕಾಲಂನಲ್ಲಿ ಇದ್ದರೆ ನೂಲು ಬಲಕ್ಕೆ ಓರೆಯಾಗಿ ಹೋಗುತ್ತದೆ. ಅದು ಸರಿ. ಎಡಕ್ಕೆ ಓರೆ ಹೋದರೆ, ಕೊಡುವ ಮುಂಚೆಯೇ ಬಳಸುತ್ತೇವೆ ಅಂತ ಅರ್ಥ. ಅಂಥ ತಪ್ಪು ಯಾರಿಗಾದರೂ ಕಾಣುತ್ತದೆ, ಅವು ಮೂರೇ ಇದ್ದವು. ಅಪಾಯ ಇರುವುದು ನೆಟ್ಟಗೆ ನಿಂತ ನೂಲಿನಲ್ಲಿ. ಎರಡೂ ಚೀಟಿ ಒಂದೇ ಸ್ಪ್ರಿಂಟ್‌ನಲ್ಲಿ ಇರುತ್ತವೆ. ನೋಡಿದರೆ ತಪ್ಪೇನೂ ಕಾಣುವುದಿಲ್ಲ. ಆದರೆ ಕೊಡುವವರು ಸ್ಪ್ರಿಂಟ್‌ನ ಕೊನೆ ದಿನ ಮುಗಿಸುತ್ತಾರೆ, ಎಲ್ಲರೂ ಮಾಡುವುದು ಹಾಗೇ. ಆ ಹತ್ತು ದಿನ ತೆಗೆದುಕೊಳ್ಳುವವರು ಏನು ಮಾಡಬೇಕು? ಹಿಂದಿನ ವರ್ಷದ ಬೋರ್ಡ್‌ನ ಹಳೇ ಫೋಟೋ ತೆಗೆದು ನೋಡಿದೆ. ನಮಗೆ ಕೈ ಕೊಟ್ಟ ಆರು ಕೆಲಸಗಳಲ್ಲಿ ಐದು ನೆಟ್ಟಗಿನ ನೂಲುಗಳೇ.

ಈ ಸಲ ನೆಟ್ಟಗಿನವು 15 ಇದ್ದವು. ಎರಡನೇ ದಿನ ಬೆಳಿಗ್ಗೆಯಿಂದ ಊಟದ ತನಕ ನಾವು ಮಾಡಿದ್ದು ಅವನ್ನು ಮಲಗಿಸುವ ಕೆಲಸ ಒಂದೇ. ಹೊಸ ಫೀಚರ್ ಒಂದನ್ನೂ ಸೇರಿಸಲು ಬಿಡಲಿಲ್ಲ. ಮಲಗಿಸಲು ಮೂರು ದಾರಿ. ಕೊಡುವುದನ್ನು ಹಿಂದಿನ ಸ್ಪ್ರಿಂಟ್‌ಗೆ ತರುವುದು, ತೆಗೆದುಕೊಳ್ಳುವುದನ್ನು ಮುಂದಕ್ಕೆ ಹಾಕುವುದು, ಇಲ್ಲವಾದರೆ ನೂಲನ್ನೇ ಕತ್ತರಿಸುವುದು. ಮೂರನೆಯದೇ ಚೆನ್ನ. ಜನ ಅದನ್ನು ಯೋಚನೆ ಮಾಡುವುದೇ ಕಡಿಮೆ.

ಹೇಗೆ ಕತ್ತರಿಸಿದೆವು ಅಂದರೆ, ಸರ್ವರ್ ತಂಡದ ಕಡೆಗೆ 11 ನೂಲು ಹೋಗುತ್ತಿದ್ದವು. ಹತ್ತಿರ ಹೋಗಿ ಓದಿದರೆ ಏಳು ಚೀಟಿ ಆ್ಯಪ್ ತಂಡದ್ದೇ, ಎಲ್ಲವೂ ಸಿಂಕ್‌ಗೆ ಸೇರಿದ್ದು. ಸರ್ವರ್ ತಂಡದ ಒಬ್ಬ ಹುಡುಗನನ್ನು ಎರಡು ಸ್ಪ್ರಿಂಟ್ ಮಟ್ಟಿಗೆ ಆ್ಯಪ್ ತಂಡದ ಪಕ್ಕ ಕೂರಿಸಿದೆವು. ಅವನಿಗೆ ಹಾಸನದಲ್ಲಿ ರೂಮು, ಊಟ, ಬಸ್ಸು ಎಲ್ಲಾ ಸೇರಿ 14 ಸಾವಿರದ ಹತ್ತಿರ ಖರ್ಚು ಬಂತು. ಏಳು ನೂಲು ಒಂದೇ ಮಧ್ಯಾಹ್ನ ಹೋದವು. ಬೆಂಗಳೂರಿನ ಲೀಡ್ ಮೊದಲು ಒಪ್ಪಲಿಲ್ಲ, ನನ್ನ ಹುಡುಗ ಯಾಕೆ ಬರಬೇಕು ಅಂದರು. ಬೋರ್ಡ್ ಮುಂದೆ ನಿಲ್ಲಿಸಿ ಅವರ ಸಾಲಿಗೆ ಬರುವ ನೂಲನ್ನು ಅವರೇ ಎಣಿಸುವ ಹಾಗೆ ಮಾಡಿದೆ. ಎಣಿಸಿ ಮುಗಿಸುವಷ್ಟರಲ್ಲಿ ಒಪ್ಪಿದ್ದರು.

ಇನ್ನೊಂದು ನೂಲು ತೂಕದಿಂದ ಆ್ಯಪ್‌ಗೆ. ತೂಕ ತಂಡದವರು ತಕ್ಕಡಿಯ ಇಂಡಿಕೇಟರ್‌ನಿಂದ ಸೀರಿಯಲ್ ಪೋರ್ಟ್ ಮೂಲಕ ಬರುವ ಸಾಲನ್ನು ಓದಿ, ಬ್ಲೂಟೂತ್‌ನಲ್ಲಿ ಫೋನಿಗೆ ಕೊಡಬೇಕು. ಬರುವ ಸಾಲು ಹೀಗಿರುತ್ತದೆ:

```
US,GS,+0041.85kg
ST,GS,+0042.50kg
```

`US` ಅಂದರೆ ಮುಳ್ಳು ಇನ್ನೂ ಅಲ್ಲಾಡುತ್ತಿದೆ, `ST` ಅಂದರೆ ನಿಂತಿದೆ. ನಿಂತದ್ದನ್ನು ಮಾತ್ರ ತೆಗೆದುಕೊಳ್ಳಬೇಕು. ಇದು ಪೂರ್ತಿ ಕೆಲಸ ಮಾಡಲು ತೂಕ ತಂಡಕ್ಕೆ ಎರಡು ಸ್ಪ್ರಿಂಟ್ ಬೇಕು. ಅಲ್ಲಿಯ ತನಕ ಆ್ಯಪ್ ತಂಡ ಕಾಯಬೇಕಾ? ಬೇಡ ಅಂತ ತೀರ್ಮಾನ ಮಾಡಿದೆವು. ಮೊದಲ ಸ್ಪ್ರಿಂಟ್‌ನ ಮೂರನೇ ದಿನಕ್ಕೆ ತೂಕ ತಂಡ 50 ಸಾಲಿನ ಡಮ್ಮಿ ಫೈಲ್ ಕೊಡಬೇಕು. ಅದರಲ್ಲಿ ಒಳ್ಳೆ ತೂಕದ ಜೊತೆ ಕೆಟ್ಟವೂ ಇರಬೇಕು: ಅರ್ಧ ಕತ್ತರಿಸಿ ಹೋದ ಸಾಲು, ಬುಟ್ಟಿ ತೂಕ ಕಳೆಯದೇ ಬಂದದ್ದು, ಮೈನಸ್ ತೂಕ. ಆ್ಯಪ್ ತಂಡ ಆ ಫೈಲ್ ಇಟ್ಟುಕೊಂಡು ಮುಂದೆ ಹೋಗುತ್ತದೆ. ನಿಜವಾದ ತಕ್ಕಡಿ ಮೂರನೇ ಸ್ಪ್ರಿಂಟ್‌ಗೆ ಬಂದರೆ ಸಾಕು. ನೆಟ್ಟಗಿದ್ದ ನೂಲು ಎರಡು ಓರೆ ನೂಲಾಯಿತು.

ಸಂಜೆ ಒಟ್ಟು 26 ನೂಲು ಉಳಿದವು, ನೆಟ್ಟಗಿನವು ಎರಡು. ಆ ಎರಡರ ತುದಿಗೆ ಹಳದಿ ಪಿನ್ ಹಾಕಿದೆವು. ಪ್ಲಾನಿಂಗ್ ಶುರು ಮಾಡುವಾಗ ಯಾವ ತಂಡವನ್ನು ಮೊದಲು ಬೋರ್ಡ್ ಹತ್ತಿರ ಕರೆಯಬೇಕು ಅನ್ನುವುದರಲ್ಲಿ ನನ್ನದೊಂದು ಲೆಕ್ಕ ಇದೆ. ನೂಲು ಅರ್ಧಕ್ಕರ್ಧ ಹುಟ್ಟುವ ಮುಂಚೆಯೇ ಹೋಗುವುದು ಅದರಿಂದ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಎರಡು ಸಲ ನೀವೇ ಮಾಡಿದರೆ ಹೊಳೆಯುತ್ತದೆ.

ಈ ಪ್ಲಾನ್ ನಡೆಯುತ್ತದೆ ಅನ್ನುವ ನಂಬಿಕೆ ಎಷ್ಟು ಅಂತ ಒಂದರಿಂದ ಐದು ಬೆರಳಿನ ಓಟು ಇರುತ್ತದೆ, ಅದನ್ನು ಮೊದಲು ಬೆರಳೆತ್ತಿಸಿ ತೆಗೆದುಕೊಂಡೆ. ಎಲ್ಲರೂ ನಾಲ್ಕು ಬೆರಳು. ಯಜಮಾನರು ಎದುರಿಗೆ ಕೂತಿದ್ದರು, ಎರಡು ಬೆರಳು ಎತ್ತುವವರು ಯಾರು? ಖಾಲಿ ಚೀಟಿ ಹಂಚಿ, ಹೆಸರಿಲ್ಲದೆ ಬರೆಯಿರಿ ಅಂದೆ. ಸರಾಸರಿ ಎರಡೂವರೆ ಚಿಲ್ಲರೆ ಬಂತು. ಯಾಕೆ ಅಂತ ಅದೇ ಚೀಟಿಯಲ್ಲಿ ಒಂದು ಸಾಲು ಬರೆಸಿದೆ. ನಮ್ಮ ರಿಸ್ಕ್ ಪಟ್ಟಿಯ ಅರ್ಧ ಬಂದದ್ದು ಆ ಚೀಟಿಗಳಿಂದ.

ರಿಸ್ಕ್‌ಗಳನ್ನು ಬೋರ್ಡ್ ಪಕ್ಕದ ಗೋಡೆಯಲ್ಲಿ ರೋಮ್ ಪದ್ಧತಿ ಪ್ರಕಾರ ನಾಲ್ಕು ಚೌಕದಲ್ಲಿ ಹಾಕಿದೆವು: ಬಗೆಹರಿಯಿತು, ಒಬ್ಬರು ಹೊತ್ತರು, ಒಪ್ಪಿಕೊಂಡೆವು, ತಗ್ಗಿಸಿದೆವು. ಹಿಂದಿನ ವರ್ಷ ನಮ್ಮ 23 ರಿಸ್ಕ್‌ಗಳಲ್ಲಿ 17 "ಒಬ್ಬರು ಹೊತ್ತರು" ಚೌಕಕ್ಕೆ ಹೋಗಿ ಕೂತಿದ್ದವು. ಹೊತ್ತವರು ಯಾರು ಅಂದರೆ ಲೀಡ್. ಏನು ಮಾಡುತ್ತಾರೆ ಅಂದರೆ ಗೊತ್ತಿಲ್ಲ. ಕೊಯ್ಲು ಶುರುವಾಗುವ ತನಕ ಆ ಚೀಟಿ ಅಲ್ಲೇ ಇದ್ದವು. ಈ ಸಲ ಆ ಚೌಕಕ್ಕೆ ಹೋಗಬೇಕಾದರೆ ಚೀಟಿಯಲ್ಲಿ ಮುಂದಿನ ಹೆಜ್ಜೆ ಮತ್ತು ತಾರೀಕು ಇರಬೇಕು. ತಾರೀಕು ದಾಟಿದರೆ ಚೀಟಿ ಚೌಕದಿಂದ ಹೊರಗೆ ಬರುತ್ತದೆ. ಮತ್ತೆ ಎಲ್ಲರ ಮುಂದೆ ಅದರ ಮಾತಾಗಬೇಕು. "ಒಪ್ಪಿಕೊಂಡೆವು" ಚೌಕಕ್ಕೆ ಯಜಮಾನರ ಸಹಿ ಬೇಕು, ಯಾಕೆಂದರೆ ಅದು ಕೆಟ್ಟರೆ ಹೋಗುವುದು ಅವರ ದುಡ್ಡು. ಸಹಿ ಕೇಳಿದ ಮೇಲೆ ಆ ಚೌಕದಲ್ಲಿ ಎರಡೇ ಉಳಿದವು.

ಇದರ ಮಧ್ಯೆ ಒಂದು ಪ್ರಯೋಗ ಮಾಡಿದೆ. ಪ್ರತಿ ರಿಸ್ಕ್‌ಗೂ ಒಂದರಿಂದ ಐದರವರೆಗೆ ಆಗುವ ಸಾಧ್ಯತೆ, ಒಂದರಿಂದ ಐದರವರೆಗೆ ಆದರೆ ಎಷ್ಟು ಪೆಟ್ಟು, ಎರಡನ್ನೂ ಗುಣಿಸುವುದು. ಒಂದೂವರೆ ಗಂಟೆ ಹೋಯಿತು. ಎಲ್ಲಾ ರಿಸ್ಕ್ 9ಕ್ಕೂ 12ಕ್ಕೂ ಮಧ್ಯ ಬಂದು ಕೂತವು. ಅದನ್ನು ಬಿಟ್ಟೆ. ಅದರ ಬದಲು, "ಇದು ನಿಜ ಆದರೆ ಅಕ್ಟೋಬರ್ 15 ಅಲ್ಲಾಡುತ್ತದಾ?" ಅಂತ ಒಂದೇ ಪ್ರಶ್ನೆ ಇಟ್ಟೆ. ಹೌದು ಅಂದ ಒಂಬತ್ತನ್ನು ಮಾತ್ರ ಗೋಡೆಯಲ್ಲಿ ಉಳಿಸಿಕೊಂಡೆವು. ಉಳಿದವು ಆಯಾ ತಂಡದ ಪಟ್ಟಿಗೆ ಹೋದವು.

ಬ್ಲಾಕರ್‌ಗಳನ್ನು ರಿಸ್ಕ್ ಜೊತೆ ಬೆರೆಸಬೇಡಿ. ಮೊದಲು ನಾನೂ ಬೆರೆಸಿದ್ದೆ. ರಿಸ್ಕ್ ಅಂದರೆ ಮುಂದೆ ಆಗಬಹುದಾದದ್ದು, ಬ್ಲಾಕರ್ ಅಂದರೆ ಇವತ್ತು ಕೆಲಸ ನಿಂತಿರುವುದು. ಎರಡೂ ಒಂದೇ ಪಟ್ಟಿಯಲ್ಲಿ ಇದ್ದರೆ ಮಾತು ಯಾವಾಗಲೂ ಮುಂದೆ ಆಗಬಹುದಾದದ್ದರ ಕಡೆಗೇ ಹೋಗುತ್ತದೆ. ಈಗ ಬ್ಲಾಕರ್ ಬಂದರೆ ಬೋರ್ಡ್ ಮೇಲೆ ಆ ಚೀಟಿಗೇ ಕೆಂಪು ಪಿನ್. ನಿಂತ ಪ್ರತಿ ದಿನಕ್ಕೂ ಮಾರ್ಕರ್‌ನಲ್ಲಿ ಒಂದು ಚುಕ್ಕಿ. ಎರಡು ಚುಕ್ಕಿಗೆ ಇಬ್ಬರು ಲೀಡ್ ಮಾತಾಡಿರಬೇಕು. ನಾಲ್ಕಕ್ಕೆ ನನ್ನ ಹತ್ತಿರ ಬರಬೇಕು. ಆರಾದರೆ ಯಜಮಾನರ ಹತ್ತಿರ, ನಾನೇ ಹೋಗಿ ಹೇಳುತ್ತೇನೆ. ಚುಕ್ಕಿ ಹಾಕುವುದು ಕೆಲಸ ನಿಂತವರು, ನಿಲ್ಲಿಸಿದವರಲ್ಲ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಎಲ್ಲಾ ಲೀಡ್‌ಗಳು ಬೋರ್ಡ್ ಮುಂದೆ 15 ನಿಮಿಷ ನಿಲ್ಲುತ್ತೇವೆ. ಯಾರು ಏನು ಮಾಡಿದರು ಅನ್ನುವ ವರದಿ ಇಲ್ಲ. ಯಾವ ನೂಲು ಅಲ್ಲಾಡಿತು, ಯಾವ ಪಿನ್‌ಗೆ ಚುಕ್ಕಿ ಜಾಸ್ತಿ ಆಯಿತು, ಇಷ್ಟೇ.

ದೂರದ ತಂಡಗಳ ಕಥೆಯಲ್ಲಿ ತುಂಬ ಸೋತೆವು. ಮೊದಲು ಬೋರ್ಡ್ ಫೋಟೋ ಕಳಿಸಿದೆವು, ನೂಲು ಎಲ್ಲಿಂದ ಎಲ್ಲಿಗೆ ಅಂತ ಕಾಣಲಿಲ್ಲ. ಗೋಡೆ ಎದುರು ಕ್ಯಾಮೆರಾ ಇಟ್ಟೆವು, ಎರಡು ವಾರ ಆದ ಮೇಲೆ ಯಾರೂ ನೋಡಲಿಲ್ಲ. ಆಮೇಲೆ ಚಿಕ್ಕಮಗಳೂರಿನಲ್ಲಿ ಇನ್ನೊಂದು ಗೋಡೆಗೆ ನಕಲು ಬೋರ್ಡ್ ಮಾಡಿಸಿದೆವು. ಮೂರನೇ ವಾರಕ್ಕೆ ಎರಡೂ ಬೋರ್ಡ್ ಬೇರೆ ಬೇರೆ ಕಥೆ ಹೇಳುತ್ತಿದ್ದವು. ಅದು ಬೋರ್ಡ್ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಕೊನೆಗೆ ನಿಂತದ್ದು ಹೀಗೆ: ಬೋರ್ಡ್ ಒಂದೇ, ಹಾಸನದ್ದು. ಪ್ರತಿ ನೂಲಿಗೂ ಜಿರಾದಲ್ಲಿ ಒಂದು ಲಿಂಕ್ ಇರಬೇಕು. ದೂರದವರು ಈ ಪಟ್ಟಿಯನ್ನು ತೆರೆದುಕೊಂಡು ಫೋನಿನಲ್ಲಿ ಇರುತ್ತಾರೆ:

```
project in (TOOKA, APP, SRV, LEKKA, CUR)
AND issueLinkType = "is blocked by"
AND statusCategory != Done
ORDER BY duedate ASC
```

ಮಂಗಳವಾರ ಬೆಳಿಗ್ಗೆ ನಾನು ಮಾಡುವ ಮೊದಲ ಕೆಲಸ ಬೋರ್ಡ್‌ನ ನೂಲನ್ನೂ ಈ ಪಟ್ಟಿಯನ್ನೂ ತಾಳೆ ನೋಡುವುದು. ಮೊದಲ ವಾರ ಬೋರ್ಡ್‌ನಲ್ಲಿ 26, ಪಟ್ಟಿಯಲ್ಲಿ 19. ಉಳಿದ ಏಳು ಎಲ್ಲಿ ಹೋದವು? ಜನ `relates to` ಅಂತ ಲಿಂಕ್ ಹಾಕಿದ್ದರು, ಅವು ಈ ಪಟ್ಟಿಯಲ್ಲಿ ಬರುವುದೇ ಇಲ್ಲ. ಇನ್ನೊಂದು ಮಿತಿ ಗೊತ್ತಿರಲಿ. ಕೊಡುವವರ ಕೆಲಸ ಮುಗಿದಿದ್ದರೂ ಲಿಂಕ್ ಇರುವ ತನಕ ತೆಗೆದುಕೊಳ್ಳುವವರ ಕೆಲಸ ಪಟ್ಟಿಯಲ್ಲಿ ಕಾಣುತ್ತಲೇ ಇರುತ್ತದೆ. ಅದಕ್ಕೆ ಪಟ್ಟಿ ನೋಡಿ ಯಾರನ್ನೂ ಬೈಯುವ ಹಾಗಿಲ್ಲ. ನೂಲು ಬಿಚ್ಚಿದವರೇ ಲಿಂಕ್ ಬಿಚ್ಚಬೇಕು ಅಂತ ನಿಯಮ ಮಾಡಿದ ಮೇಲೆ ಎರಡೂ ಹೊಂದಿಕೊಂಡವು.

ಈಗ ಆ ದೊಡ್ಡ ತೊಂದರೆ. ಎರಡನೇ ಸ್ಪ್ರಿಂಟ್‌ನ ಎರಡನೇ ವಾರ ತಕ್ಕಡಿಯವರಿಂದ ಹೊಸ ಲಾಟ್ ಬಂತು. ಇಂಡಿಕೇಟರ್ ನೋಡಲು ಹಳೆಯದರ ಹಾಗೇ ಇದೆ. ಆದರೆ ಬರುವ ಸಾಲಿನಲ್ಲಿ `ST` ಇಲ್ಲ, `US` ಇಲ್ಲ. ಬರೀ ತೂಕ. ನಿಂತದ್ದು ಯಾವುದು, ಅಲ್ಲಾಡುತ್ತಿರುವುದು ಯಾವುದು ಅಂತ ತಿಳಿಯುವ ದಾರಿ ಇಲ್ಲ. ತೂಕ ತಂಡದ ಚೀಟಿಗೆ ಕೆಂಪು ಪಿನ್ ಬಿತ್ತು. ಕೊಟ್ಟವರಿಗೆ ಫೋನ್ ಮಾಡಿದರೆ, ಹಳೆ ಮಾದರಿ ಬರಲು ಒಂದೂವರೆ ತಿಂಗಳು ಅಂದರು. ನಾಲ್ಕನೇ ಚುಕ್ಕಿಗೆ ನನ್ನ ಹತ್ತಿರ ಬಂತು.

ಶುಕ್ರವಾರ ಬೋರ್ಡ್ ಮುಂದೆ ನಿಂತೆವು. ತೂಕ ತಂಡದ ಲೀಡ್ ಮೇಡಂ ಒಂದು ದಾರಿ ಹೇಳಿದರು. ಸಾಲಾಗಿ ಬಂದ ಕೆಲವು ತೂಕ ಒಂದೇ ಇದ್ದರೆ ಅದನ್ನು ನಿಂತದ್ದು ಅಂತ ಹಿಡಿಯಬಹುದು. ಆದರೆ ಅದನ್ನು ತಮ್ಮ ಬ್ಲೂಟೂತ್ ಪೆಟ್ಟಿಗೆಯಲ್ಲಿ ಮಾಡಲು ಜಾಗ ಇಲ್ಲ, ಫೋನಿನಲ್ಲೇ ಮಾಡಬೇಕು. ಅಂದರೆ ಕೆಲಸ ಆ್ಯಪ್ ತಂಡಕ್ಕೆ ಹೋಗುತ್ತದೆ. ಚೀಟಿಯನ್ನು ಬಿಚ್ಚಿ ಆ್ಯಪ್ ಸಾಲಿನ ಮೂರನೇ ಕಾಲಂಗೆ ಇಟ್ಟೆವು. ಇಟ್ಟ ತಕ್ಷಣ ಅಲ್ಲಿಂದ ಲೆಕ್ಕ ತಂಡಕ್ಕೆ ಹೋಗುವ ನೂಲು ನೆಟ್ಟಗೆ ನಿಂತಿತು. ಯಾರೂ ಏನೂ ಹೇಳಬೇಕಾಗಲಿಲ್ಲ. ಲೆಕ್ಕ ತಂಡದ ಲೀಡ್ ಸ್ವತಃ, "ಅಣ್ಣ, ಹಾಗಾದರೆ ನಂದು ನಾಲ್ಕಕ್ಕೆ ಹೋಗಬೇಕು, ನಾಲ್ಕರಲ್ಲಿ ಎಸ್‌ಎಂಎಸ್ ಇದೆ" ಅಂದ.

ಎಸ್‌ಎಂಎಸ್ ಅಂದರೆ ಬಟವಾಡೆ ಆದ ಮೇಲೆ ಕೂಲಿಯವರ ಫೋನಿಗೆ ಕನ್ನಡದಲ್ಲಿ ಹೋಗುವ ಸಂದೇಶ. ಅದಕ್ಕೆ ಡಿಎಲ್‌ಟಿಯಲ್ಲಿ, ಅಂದರೆ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ, ಟೆಂಪ್ಲೇಟ್ ಒಪ್ಪಿಗೆ ಆಗಬೇಕು. ಕನ್ನಡದಲ್ಲಿ ಒಂದು ಸಂದೇಶಕ್ಕೆ 70 ಅಕ್ಷರವೇ ಹಿಡಿಯುವುದು, ಇಂಗ್ಲಿಷ್‌ನ ಹಾಗೆ 160 ಅಲ್ಲ. ನಮ್ಮ ಸಂದೇಶ ಎರಡಾಗಿ ಒಡೆಯುತ್ತಿತ್ತು, ಖರ್ಚು ಎರಡರಷ್ಟು. ಒಪ್ಪಿಗೆ ಇನ್ನೂ ಬಂದಿರಲಿಲ್ಲ, ಅದೂ ನಮ್ಮ ಒಂಬತ್ತು ರಿಸ್ಕ್‌ಗಳಲ್ಲಿ ಒಂದು. ಎರಡು ಗೋಡೆಯನ್ನೂ ಒಟ್ಟಿಗೆ ನೋಡಿದ ಮೇಲೆ ತೀರ್ಮಾನ ಮಾಡಲು ಹತ್ತು ನಿಮಿಷ ಹಿಡಿಯಿತು. ತೂಕದ ಕೆಲಸ ಮೊದಲು, ಎಸ್‌ಎಂಎಸ್ ಕೆಲಸ ತೋಟದ ಪ್ರಯೋಗ ಆದ ಮೇಲೆ. ಯಜಮಾನರು ಅಲ್ಲೇ ಸಹಿ ಹಾಕಿದರು. ಹಿಂದಿನ ವರ್ಷ ಆಗಿದ್ದರೆ ಐದು ತಂಡಕ್ಕೆ ಐದು ದಿನ ಮೇಲ್ ಓಡಾಡಿ, ಕೊನೆಗೆ ಎಸ್‌ಎಂಎಸ್ಸೂ ತೂಕವೂ ಎರಡೂ ಅರ್ಧ ಆಗಿರುತ್ತಿದ್ದವು.

ಸಾಲಾಗಿ ಎಷ್ಟು ತೂಕ ಒಂದೇ ಬರಬೇಕು ಅನ್ನುವುದಕ್ಕೆ ಆ್ಯಪ್ ಹುಡುಗರು ಆಫೀಸಿನಲ್ಲಿ ಅಕ್ಕಿ ಮೂಟೆ ಇಟ್ಟುಕೊಂಡು ನೋಡಿದರು. ಎರಡಾದರೆ ತಪ್ಪು ಹಿಡಿಯುತ್ತಿತ್ತು. ಐದಾದರೆ ತೂಗುವವರು ಕಾಯಬೇಕಾಗಿತ್ತು, ಸಂಜೆ ಹೊತ್ತು ಸಾಲು ನಿಂತಿರುವಾಗ ಅದು ಆಗುವುದಿಲ್ಲ. ಮೂರಕ್ಕೆ ನಿಲ್ಲಿಸಿದರು. ಬುಟ್ಟಿ ಇಳಿಸಿ ತಕ್ಕಡಿ ಸೊನ್ನೆಗೆ ಬಾರದೆ ಮುಂದಿನ ತೂಕ ತೆಗೆದುಕೊಳ್ಳಬಾರದು ಅನ್ನುವುದನ್ನೂ ಸೇರಿಸಿದರು. ಅದು ಯಾವ ಚೀಟಿಯಲ್ಲೂ ಇರಲಿಲ್ಲ, ಅವರಿಗೇ ಹೊಳೆದದ್ದು.

ಪ್ರಯೋಗ ಅಕ್ಟೋಬರ್ 17ಕ್ಕೆ ಆಯಿತು, ಎರಡು ದಿನ ತಡ. ಅವತ್ತು ತೋಟದಲ್ಲಿ ಮಳೆ, ಕರೆಂಟು ಇಲ್ಲ, ಸಿಗ್ನಲ್ ಅಂತೂ ಮೊದಲೇ ಇಲ್ಲ. ಹಣ್ಣು ಇನ್ನೂ ಆಗಿರಲಿಲ್ಲ. ಬುಟ್ಟಿಗೆ ಗೊಬ್ಬರ ತುಂಬಿ ತೂಗಿದೆವು, 200 ಸಲದ ಹತ್ತಿರ. ಸಂಜೆ ರೈಟರು ಫೋನ್ ತೆಗೆದುಕೊಂಡು ಸಿಗ್ನಲ್ ಸಿಗುವ ದಿಬ್ಬಕ್ಕೆ ಹೋದರು. ನಾನು ಬೇಕಂತಲೇ ಸಿಂಕ್ ಅನ್ನು ಮಧ್ಯ ಮೂರು ಸಲ ನಿಲ್ಲಿಸಿದೆ. ಸರ್ವರ್‌ನಲ್ಲಿ ಒಂದೂ ಎರಡು ಸಲ ಬಿದ್ದಿರಲಿಲ್ಲ. ರೈಟರು ತಮ್ಮ ಪುಸ್ತಕದಲ್ಲೂ ಬರೆದುಕೊಂಡಿದ್ದರು, ಹಳೇ ಅಭ್ಯಾಸ. ಎರಡೂ ಕೂಡಿದ್ದು ಒಂದೇ ಬಂತು. ಅವರು ಎರಡು ಸಲ ಕೂಡಿ ನೋಡಿದರು.

ಕೊಯ್ಲಿನಲ್ಲಿ 14 ತೋಟ ನಡೆದವು. ಬಿಟ್ಟು ಹೋದ ಎರಡರಲ್ಲಿ ಒಂದು ಜನವರಿಯಲ್ಲಿ ರೊಬಸ್ಟಾ ಕೊಯ್ಲಿಗೆ ವಾಪಸ್ ಬಂತು. ಬೇರೆ ತಂಡಕ್ಕೆ ಕಾಯುತ್ತಾ ಕೂತ ದಿನಗಳನ್ನು ಚುಕ್ಕಿ ಎಣಿಸಿ ಲೆಕ್ಕ ಹಾಕಿದೆ. ಹತ್ತು ವಾರಕ್ಕೆ 30 ಚುಕ್ಕಿಯ ಆಸುಪಾಸು. ಹಿಂದಿನ ವರ್ಷ ಚುಕ್ಕಿ ಇರಲಿಲ್ಲ. ಹಾಜರಿ ಪುಸ್ತಕ, ಮೇಲ್ ನೋಡಿ ಅಂದಾಜು ಮಾಡಿದರೆ ಅದರ ಮೂರರಷ್ಟು ಇರಬೇಕು. ಇಷ್ಟನ್ನು ಹಾಸನದಲ್ಲಿ ಕೂತು, 2,500 ರೂಪಾಯಿ ಗೋಡೆಯಲ್ಲಿ ಮಾಡಿದೆವು ಅನ್ನುವುದು ನನಗೆ ಹೆಮ್ಮೆಯೇ.

ಎಲ್ಲಾ ಸರಿ ಹೋಗಿದೆ ಅಂತಲ್ಲ. ಕ್ಯೂರಿಂಗ್ ತಂಡದ ಕೆಲಸ ಸೀಸನ್‌ನ ಕೊನೆಗೆ ಬರುವುದರಿಂದ ಅವರ ಸಾಲಿನಲ್ಲಿ ನೂಲು ಕಡಿಮೆ. ಬೋರ್ಡ್ ಮುಂದೆ ಅವರ ಮಾತು ಬರುತ್ತಲೇ ಇರಲಿಲ್ಲ. ಫೆಬ್ರವರಿಯಲ್ಲಿ ರಸೀತಿ ತಾಳೆ ಮಾಡುವಾಗ, ತೋಟದವರು ಚೀಲದ ಲೆಕ್ಕ, ಕ್ಯೂರಿಂಗ್‌ನವರು ಕೆಜಿ ಲೆಕ್ಕ ಅಂತ ಗೊತ್ತಾಯಿತು. 50 ಕೆಜಿ ಚೀಲ ಅಂತ ಗುಣಿಸಿದರೆ ಪ್ರತಿ ಲೋಡ್‌ಗೂ ವ್ಯತ್ಯಾಸ ಬರುತ್ತಿತ್ತು. ನೂಲು ಇಲ್ಲದ ಸಾಲಿಗೆ ತೊಂದರೆ ಇಲ್ಲ ಅಂತ ನಾನು ತಿಳಿದುಕೊಂಡಿದ್ದೆ, ನೂಲನ್ನು ಯಾರೂ ಹುಡುಕಿರಲೇ ಇಲ್ಲ. ಮುಂದಿನ ಪ್ಲಾನಿಂಗ್‌ಗೆ ಅವರನ್ನು ಮೊದಲ ದಿನ ಬೆಳಿಗ್ಗೆಯೇ ಕರೆದಿದ್ದೇನೆ. ಈ ಸಲ ತೋಟದ ರೈಟರೊಬ್ಬರೂ ಬಂದು ಕೂರುತ್ತಾರೆ. ಆರನೇ ಸಾಲಿನ ಕೆಳಗೆ ಅವರಿಗೆ ಅಂತ ಏಳನೆಯದೊಂದು ಗೆರೆ ಎಳೆದಿಟ್ಟಿದ್ದೇನೆ.